ಪೇಪರ್ ಓದುವ ಕೋಣೆ ಮುಚ್ಚಿದರೆ ಗ್ರಂಥಾಲಯಕ್ಕೆ ಉಳಿಯುವುದೆಷ್ಟು? ಸದಾಶಿವ ಪೇಠದಿಂದ ಒಂದು ಲೆಕ್ಕ

ಪುಣೆಯ ಸದಾಶಿವ ಪೇಠದ ಗಲ್ಲಿಗಳಲ್ಲಿ ಒಂದು ಸುತ್ತು ಹಾಕಿದರೆ 'ಅಭ್ಯಾಸಿಕಾ' ಎಂಬ ಫಲಕಗಳು ಸಾಲುಸಾಲಾಗಿ ಕಾಣುತ್ತವೆ. ಎಂಪಿಎಸ್‌ಸಿ, ಯುಪಿಎಸ್‌ಸಿ ಪರೀಕ್ಷೆಗೆ ಓದುವ ಹುಡುಗ ಹುಡುಗಿಯರು ತಿಂಗಳಿಗಿಷ್ಟು ಎಂದು ಕೊಟ್ಟು ಒಂದು ಕುರ್ಚಿ, ಒಂದು ಮೇಜು ಹಿಡಿದು ಕೂರುವ ಜಾಗ ಇದು. ಪಾನಿಪತ್‌ನಲ್ಲಿ ಮಡಿದ ಸದಾಶಿವರಾವ್ ಭಾವೂ ಹೆಸರಿನ ಈ ಪೇಠೆಯಲ್ಲಿ ಓದು ಬರಹದ ಸಂಸ್ಥೆಗಳು ಹಳೆಯವು. 1910ರಲ್ಲಿ ವಿ.ಕಾ. ರಾಜವಾಡೆ ಹುಟ್ಟುಹಾಕಿದ ಭಾರತ ಇತಿಹಾಸ ಸಂಶೋಧಕ ಮಂಡಳ ಇರುವುದೂ ಇಲ್ಲೇ.

ಇಂಥ ಬಡಾವಣೆಯ ಒಂದು ಸಾರ್ವಜನಿಕ ಗ್ರಂಥಾಲಯವನ್ನು ಊಹಿಸಿಕೊಳ್ಳಿ. ಹಣ ಸಾಲುತ್ತಿಲ್ಲ. ಪುಕ್ಕಟೆಯಾಗಿ ಪೇಪರ್ ಓದುವ ಕೋಣೆಯನ್ನು ಮುಚ್ಚಿ ಅಲ್ಲಿಯೂ ಅಭ್ಯಾಸಿಕಾ ಮಾಡೋಣ ಎಂದು ಕಾರ್ಯಕಾರಿ ಸಮಿತಿಯಲ್ಲಿ ಒಬ್ಬರು ಹೇಳುತ್ತಾರೆ. ಕೇಳಿದ ತಕ್ಷಣ ಸರಿ ಎನಿಸುತ್ತದೆ. ಆದರೆ ಆ ಕೋಣೆಗೆ ನಿಜವಾಗಿ ಎಷ್ಟು ಖರ್ಚಾಗುತ್ತಿದೆ ಎಂದು ಕೇಳಿದರೆ ಉತ್ತರ ಯಾರ ಬಳಿಯೂ ಇರುವುದಿಲ್ಲ. ಲೆಕ್ಕದ ಪುಸ್ತಕದಲ್ಲಿ ಸಂಬಳ, ವಿದ್ಯುತ್, ಪುಸ್ತಕ ಖರೀದಿ, ಕಟ್ಟಡ ಎಂಬ ತಲೆಬರಹಗಳಿವೆ. 'ಪೇಪರ್ ಕೋಣೆ' ಎಂಬ ತಲೆಬರಹ ಇಲ್ಲ.

ಅನುದಾನವೂ ಇದನ್ನು ಕೇಳುವುದಿಲ್ಲ. ಮಹಾರಾಷ್ಟ್ರದ 1967ರ ಗ್ರಂಥಾಲಯ ಕಾಯ್ದೆಯ ವ್ಯವಸ್ಥೆಯಲ್ಲಿ ಮಾನ್ಯತೆ ಪಡೆದ ಗ್ರಂಥಾಲಯಗಳಿಗೆ ಅ, ಬ, ಕ, ಡ ಎಂಬ ವರ್ಗ ನೋಡಿ ಹಣ ಬರುತ್ತದೆ. ಕರ್ನಾಟಕದಲ್ಲಿ 1965ರ ಕಾಯ್ದೆಯಂತೆ ಆಸ್ತಿ ತೆರಿಗೆಯ ಮೇಲೆ ಶೇ 6ರಷ್ಟು ಗ್ರಂಥಾಲಯ ಕರ ಇದೆ. ಎರಡೂ ಕಡೆ ಹಣ ಬರುವುದು ಇಡೀ ಸಂಸ್ಥೆಗೆ. ಯಾವ ಸೇವೆಗೆ ಎಷ್ಟು ಹೋಯಿತು ಎಂಬುದು ಒಳಗಿನವರೇ ಕಂಡುಕೊಳ್ಳಬೇಕಾದ ಸಂಗತಿ.

ಅದಕ್ಕಿರುವ ಒಂದು ದಾರಿಯೇ ಚಟುವಟಿಕೆ ಆಧಾರಿತ ವೆಚ್ಚ ಲೆಕ್ಕಾಚಾರ. 1980ರ ದಶಕದಲ್ಲಿ ಅಮೆರಿಕದ ರಾಬಿನ್ ಕೂಪರ್ ಮತ್ತು ರಾಬರ್ಟ್ ಕಪ್ಲಾನ್ ಇದನ್ನು ಕಾರ್ಖಾನೆಗಳಿಗಾಗಿ ರೂಪಿಸಿದರು. 2004ರಲ್ಲಿ ಕಪ್ಲಾನ್ ಮತ್ತು ಸ್ಟೀವನ್ ಆಂಡರ್ಸನ್ ಇದರ ಸರಳ ರೂಪವೊಂದನ್ನು ಮುಂದಿಟ್ಟರು. ಅದರ ಆಧಾರ ನಿಮಿಷ. ಸಣ್ಣ ಗ್ರಂಥಾಲಯಕ್ಕೆ, ವಾರ್ಡ್ ಕಚೇರಿಗೆ ಹೊಂದುವುದು ಈ ಎರಡನೆಯದೇ.

ತಲೆ ಎಣಿಸಿ ಹಂಚಿದಾಗ

ನಮ್ಮ ಕಲ್ಪನೆಯ ಗ್ರಂಥಾಲಯದ ವರ್ಷದ ಖರ್ಚು 25 ಲಕ್ಷ ರೂಪಾಯಿ ಎಂದಿಟ್ಟುಕೊಳ್ಳೋಣ. ಇಲ್ಲಿನ ಅಂಕಿಗಳೆಲ್ಲ ಉದಾಹರಣೆಗೆ ಮಾತ್ರ, ಯಾವ ಸಂಸ್ಥೆಯವೂ ಅಲ್ಲ. ಗ್ರಂಥಪಾಲಕ, ಇಬ್ಬರು ಸಹಾಯಕರು, ಒಬ್ಬ ಸಿಪಾಯಿ ಸೇರಿ ನಾಲ್ವರ ಸಂಬಳ 11.52 ಲಕ್ಷ. ಕಟ್ಟಡ ಮತ್ತು ಸ್ವಚ್ಛತೆಗೆ 4 ಲಕ್ಷ, ವಿದ್ಯುತ್‌ಗೆ 3.60 ಲಕ್ಷ, ಪುಸ್ತಕಗಳಿಗೆ 3 ಲಕ್ಷ, ಕಾವಲುಗಾರನಿಗೆ 1.68 ಲಕ್ಷ, ಪತ್ರಿಕೆಗಳಿಗೆ 1.20 ಲಕ್ಷ.

ವರ್ಷಕ್ಕೆ ಒಂದು ಲಕ್ಷ ಭೇಟಿಗಳು. ಪೇಪರ್ ಓದಲು 38,000, ಪುಸ್ತಕ ಒಯ್ಯಲು 32,000, ಅಭ್ಯಾಸಿಕಾಗೆ 28,000, ಹಳೆಯ ಗ್ರಂಥಗಳ ಪರಾಮರ್ಶನಕ್ಕೆ 2,000. ಸಾಮಾನ್ಯವಾಗಿ ಖಜಾಂಚಿ ಮಾಡುವುದು ಒಂದೇ ಭಾಗಾಕಾರ: 25 ಲಕ್ಷವನ್ನು ಒಂದು ಲಕ್ಷದಿಂದ ಭಾಗಿಸಿದರೆ ಭೇಟಿಗೆ 25 ರೂಪಾಯಿ. ಆ ಪ್ರಕಾರ ಪೇಪರ್ ಕೋಣೆಯ ಖರ್ಚು 9.50 ಲಕ್ಷ, ಆದಾಯ ಸೊನ್ನೆ. ಅಭ್ಯಾಸಿಕಾದ ಖರ್ಚು 7 ಲಕ್ಷ; 100 ಕುರ್ಚಿಗೆ ತಿಂಗಳಿಗೆ 650 ರೂಪಾಯಿಯಂತೆ ವರ್ಷದ ಆದಾಯ 7.80 ಲಕ್ಷ. ಅಂದರೆ 80 ಸಾವಿರ ಲಾಭ. ಸಮಿತಿಯವರು ಪೇಪರ್ ಕೋಣೆಯ ಮೇಲೆ ಕಣ್ಣಿಡುವುದು ಈ ಕಾಗದ ನೋಡಿಯೇ.

ನಿಮಿಷಕ್ಕೆ ಎರಡೂವರೆ ರೂಪಾಯಿ

ಈಗ ಚಟುವಟಿಕೆಯ ಲೆಕ್ಕ. ನಾಲ್ವರು, ದಿನಕ್ಕೆ 8 ಗಂಟೆ, ವರ್ಷಕ್ಕೆ 300 ದಿನ. ಒಟ್ಟು 9,600 ಗಂಟೆ. ಚಹಾ, ಊಟ, ರಜೆ, ಹೊರಗಿನ ಓಡಾಟ ಎಲ್ಲ ಕಳೆದರೆ ಕೆಲಸಕ್ಕೆ ಸಿಗುವುದು ಅದರ ಶೇ 80 ಎಂದು ಹಿಡಿಯುವುದು ರೂಢಿ. ಅದು 4,60,800 ನಿಮಿಷ. ಸಂಬಳದ 11.52 ಲಕ್ಷವನ್ನು ಇದರಿಂದ ಭಾಗಿಸಿದರೆ ನಿಮಿಷಕ್ಕೆ ಎರಡೂವರೆ ರೂಪಾಯಿ. ನಾಲ್ವರಿಗೂ ಒಂದೇ ದರ ಹಿಡಿದದ್ದು ಸರಳತೆಗಾಗಿ; ಗ್ರಂಥಪಾಲಕರ ನಿಮಿಷವೂ ಸಿಪಾಯಿಯ ನಿಮಿಷವೂ ಬೇರೆ ಬೇರೆ ಎನ್ನುವವರು ಎರಡು ದರ ಇಟ್ಟುಕೊಳ್ಳಬಹುದು.

ಮುಂದಿನ ಹೆಜ್ಜೆಗೆ ಗಡಿಯಾರ ಬೇಕು. ಪುಸ್ತಕ ಕೊಟ್ಟು, ವಾಪಸ್ ಪಡೆದು, ಕಪಾಟಿಗೆ ಸೇರಿಸಲು ಐದು ನಿಮಿಷ. ಹೊಸ ಪುಸ್ತಕವೊಂದನ್ನು ನೋಂದಾಯಿಸಿ, ವರ್ಗೀಕರಿಸಿ, ಚೀಟಿ ಅಂಟಿಸಲು 30 ನಿಮಿಷ. ಹಳೆಯ ಗ್ರಂಥ ಹುಡುಕಿ ತಂದು, ಓದುಗರ ಪಕ್ಕದಲ್ಲಿದ್ದು, ವಾಪಸ್ ಇಡಲು 40 ನಿಮಿಷ. ಪೇಪರ್ ಕೋಣೆಗೆ ದಿನಕ್ಕೆ ಒಂದು ಗಂಟೆ ಸಾಕು: ಬೆಳಗ್ಗೆ ಜೋಡಿಸುವುದು, ಸಂಜೆ ಎತ್ತಿಡುವುದು. 20 ಜನ ಬಂದರೂ 200 ಜನ ಬಂದರೂ ಆ ಒಂದು ಗಂಟೆ ಹೆಚ್ಚಾಗುವುದಿಲ್ಲ. ತಲೆ ಎಣಿಸಿ ಹಂಚುವ ಲೆಕ್ಕ ಎಡವುವುದು ಇಲ್ಲೇ.

ಅಂದಹಾಗೆ, ಆ 30 ನಿಮಿಷವನ್ನು ಎರಡೂವರೆಯಿಂದ ಗುಣಿಸಿ ನೋಡಿ. ಯಾರೋ ಪ್ರೀತಿಯಿಂದ ಕೊಟ್ಟ ಪುಕ್ಕಟೆ ಪುಸ್ತಕ ಕಪಾಟು ಸೇರುವ ಹೊತ್ತಿಗೆ 75 ರೂಪಾಯಿ ಖರ್ಚಾಗಿರುತ್ತದೆ.

ಸಂಬಳಕ್ಕೆ ಅಳತೆ ನಿಮಿಷವಾದರೆ ಕಟ್ಟಡಕ್ಕೆ ಚದರಡಿ. ವಿದ್ಯುತ್‌ಗೆ ಎರಡೂ ಸಾಲದು. ಎಷ್ಟು ಫ್ಯಾನು ದೀಪ ಎಷ್ಟು ಹೊತ್ತು ಉರಿಯುತ್ತವೆ ಎಂಬುದನ್ನು ನೋಡಬೇಕು. ಅಭ್ಯಾಸಿಕಾದಲ್ಲಿ 30 ಪಾಯಿಂಟುಗಳಿವೆ, ಬೆಳಗ್ಗೆ 6ರಿಂದ ರಾತ್ರಿ 11ರವರೆಗೆ 17 ಗಂಟೆ ಉರಿಯುತ್ತವೆ. ಉಳಿದ ಮೂರೂ ವಿಭಾಗ ಸೇರಿ ಅಷ್ಟೇ ಪಾಯಿಂಟುಗಳಿದ್ದರೂ ಅವು ಉರಿಯುವುದು ಎಂಟೇ ಗಂಟೆ. ಹೀಗಾಗಿ ಬಿಲ್ಲಿನ ಶೇ 68ರಷ್ಟು, ಅಂದರೆ 2.45 ಲಕ್ಷ, ಅಭ್ಯಾಸಿಕಾದ ಪಾಲು. ಬೇರೆ ವಿಭಾಗಗಳು ಮುಚ್ಚಿರುವ ಹೊತ್ತಿಗೆ ಬೇಕೆಂದೇ ಇಟ್ಟ ಕಾವಲುಗಾರನ 1.68 ಲಕ್ಷವೂ ಪೂರ್ತಿ ಅದರದೇ. ಪುಸ್ತಕ, ಪತ್ರಿಕೆಗಳನ್ನು ಯಾವ ವಿಭಾಗಕ್ಕೆ ತರಿಸಿದ್ದೋ ಅದಕ್ಕೇ ಬರೆದರಾಯಿತು.

ಎಲ್ಲ ಕೂಡಿಸಿದಾಗ ಚಿತ್ರವೇ ಬದಲು. ಪೇಪರ್ ಕೋಣೆಯ ನಿಜ ಖರ್ಚು 2.73 ಲಕ್ಷ, ಭೇಟಿಗೆ ಏಳು ರೂಪಾಯಿ ಚಿಲ್ಲರೆ. ಅಭ್ಯಾಸಿಕಾದ ಖರ್ಚು 8.13 ಲಕ್ಷ, ಕುರ್ಚಿಗೆ ತಿಂಗಳಿಗೆ 677 ರೂಪಾಯಿ. ಪಡೆಯುತ್ತಿರುವುದು 650. ಲಾಭ ಎಂದುಕೊಂಡಿದ್ದ ಕಡೆ ವರ್ಷಕ್ಕೆ ಸುಮಾರು 33 ಸಾವಿರ ನಷ್ಟ. ಪುಸ್ತಕ ಎರವಲು ಸೇವೆಗೆ 8.61 ಲಕ್ಷ, ಅದು ಹಳೆಯ ಲೆಕ್ಕಕ್ಕಿಂತ ಹೆಚ್ಚೇನೂ ದೂರವಿಲ್ಲ. ಪರಾಮರ್ಶನಕ್ಕೆ ಬರುವ ಒಬ್ಬ ಸಂಶೋಧಕನಿಗೆ ಮಾತ್ರ 25 ಅಲ್ಲ, 136 ರೂಪಾಯಿ.

ಈ ನಾಲ್ಕನ್ನೂ ಕೂಡಿಸಿದರೆ 25 ಲಕ್ಷ ಆಗುವುದಿಲ್ಲ, 2.82 ಲಕ್ಷ ಉಳಿಯುತ್ತದೆ. ಅದರಲ್ಲಿ 1.32 ಲಕ್ಷ ಅನುದಾನದ ಕಾಗದಪತ್ರ, ಲೆಕ್ಕಪರಿಶೋಧನೆ, ಸಭೆಗಳಿಗೆ ಹೋದ ಸಮಯ. ಉಳಿದ 1.50 ಲಕ್ಷ ಯಾವ ಕೆಲಸಕ್ಕೂ ಬಳಕೆಯಾಗದ ನಿಮಿಷಗಳ ಬೆಲೆ. ಅದನ್ನು ಯಾವ ಸೇವೆಯ ತಲೆಗೂ ಕಟ್ಟಬಾರದು. ಖಾಲಿ ಸಮಯದ ಖರ್ಚನ್ನು ಓದುಗನ ಶುಲ್ಕದಲ್ಲಿ ಸೇರಿಸುವುದು ನ್ಯಾಯವಲ್ಲ.

ಲೆಕ್ಕ ಎಲ್ಲಿ ತಪ್ಪುತ್ತದೆ

ಹೆಚ್ಚು ತಪ್ಪಾಗುವುದು ಸಮಯ ಬರೆಯುವಲ್ಲಿ. 'ನಿಮ್ಮ ದಿನ ಯಾವ ಕೆಲಸಕ್ಕೆ ಎಷ್ಟು ಹೋಗುತ್ತದೆ, ಬರೆದುಕೊಡಿ' ಎಂದರೆ ಎಲ್ಲರೂ ಸರಿಯಾಗಿ ನೂರು ಪ್ರತಿಶತ ತುಂಬಿ ಕೊಡುತ್ತಾರೆ. ಸುಮ್ಮನೆ ಕೂತಿದ್ದೆ ಎಂದು ಯಾರೂ ಬರೆಯುವುದಿಲ್ಲ. ಬರೆದರೆ ಕೆಲಸ ಹೋದೀತೆಂಬ ಭಯ ಸಹಜವೇ. ಆದ್ದರಿಂದ ಒಂದು ಕೆಲಸಕ್ಕೆ ಎಷ್ಟು ನಿಮಿಷ ಎಂದು ಕೂತು ನೋಡಬೇಕು, ಎಷ್ಟು ಸಲ ನಡೆಯಿತು ಎಂಬುದನ್ನು ರಿಜಿಸ್ಟರಿನಿಂದ ತೆಗೆದುಕೊಳ್ಳಬೇಕು. ಎರಡರ ಗುಣಲಬ್ಧ ಸಿಗುವ ಒಟ್ಟು ನಿಮಿಷಗಳಿಗಿಂತ ಹೆಚ್ಚಾದರೆ ಅಳತೆ ತಪ್ಪಿದೆ. ಒಂಚೂರೂ ಉಳಿಯದೆ ಸರಿಯಾಗಿ ಹೊಂದಿದರೂ ಸಂಶಯಪಡಬೇಕು.

ಸರ್ಕಾರಿ ಕಚೇರಿಗಳಲ್ಲಿ ಇನ್ನೊಂದು ಗೊಂದಲ. ಕರ್ನಾಟಕದ ಸಕಾಲ ಕಾಯ್ದೆ, ಮಹಾರಾಷ್ಟ್ರದ 2015ರ ಸೇವಾ ಹಕ್ಕು ಕಾಯ್ದೆ ಎರಡೂ ಪ್ರಮಾಣಪತ್ರ ಇಷ್ಟು ದಿನದಲ್ಲಿ ಸಿಗಬೇಕು ಎನ್ನುತ್ತವೆ. ಆ ದಿನಗಳು ಕಾಯುವ ಸಮಯ, ಕೆಲಸದ ಸಮಯವಲ್ಲ. ಒಂದು ವಾರ ಹಿಡಿಯುವ ಪ್ರಮಾಣಪತ್ರದ ಮೇಲೆ ಗುಮಾಸ್ತನ ಕೈ ಓಡುವುದು ಕೆಲವೇ ನಿಮಿಷ ಇರಬಹುದು. ಖರ್ಚಿಗೆ ಬೇಕಾದದ್ದು ಆ ನಿಮಿಷಗಳು.

ಲೆಕ್ಕ ಸರಿಯಿದ್ದರೂ ಅದನ್ನು ಓದುವಾಗ ಎಡವಬಹುದು. ಪೇಪರ್ ಕೋಣೆಯ ಖರ್ಚು 2.73 ಲಕ್ಷ ಎಂದ ಮಾತ್ರಕ್ಕೆ ಅದನ್ನು ಮುಚ್ಚಿದರೆ 2.73 ಲಕ್ಷ ಉಳಿಯುವುದಿಲ್ಲ. ಪತ್ರಿಕೆಯ ಬಿಲ್ 90 ಸಾವಿರ, ವಿದ್ಯುತ್ 58 ಸಾವಿರ, ಹೀಗೆ ಸುಮಾರು 1.48 ಲಕ್ಷ ಉಳಿದೀತು. ಕಟ್ಟಡ ಅಲ್ಲೇ ಇರುತ್ತದೆ, ಸಿಪಾಯಿಯ ಸಂಬಳವೂ ಇರುತ್ತದೆ. ಅವನ ಆ ಒಂದು ಗಂಟೆ ಖಾಲಿ ಸಮಯದ ಲೆಕ್ಕಕ್ಕೆ ಸೇರುತ್ತದೆ ಅಷ್ಟೆ. ಇದರ ಇನ್ನೊಂದು ಮುಖವನ್ನೂ ಹೇಳಬೇಕು. ಆ ಕೋಣೆಯಲ್ಲಿ ಹೊಸ ಕುರ್ಚಿಗಳನ್ನು ಹಾಕಿದರೆ ಎರಡನೇ ಕಾವಲುಗಾರ ಬೇಕಾಗುವುದಿಲ್ಲ, ಹಾಗಾಗಿ ಹೊಸ ಕುರ್ಚಿಗೆ 677 ರೂಪಾಯಿ ತಗಲುವುದೂ ಇಲ್ಲ. ಅಭ್ಯಾಸಿಕಾ ವಿಸ್ತರಣೆ ಪೂರ್ತಿ ತಪ್ಪು ಎನ್ನಲು ಈ ಲೆಕ್ಕ ಸಾಲದು. ಆದರೆ ದಿನಕ್ಕೆ ನೂರಕ್ಕೂ ಹೆಚ್ಚು ಜನ ಬರುವ ಕೋಣೆಯಿಂದ ಉಳಿಯುವುದು ಒಂಬತ್ತೂವರೆ ಲಕ್ಷವಲ್ಲ, ಒಂದೂವರೆ ಲಕ್ಷ ಎಂದು ಗೊತ್ತಿದ್ದೇ ಸಮಿತಿ ತೀರ್ಮಾನಿಸಬೇಕು.

ರಾತ್ರಿ ಒಂಬತ್ತರ ನಂತರ

ಅಭ್ಯಾಸಿಕಾದ ನಷ್ಟಕ್ಕೆ ಕಾರಣ ಕುರ್ಚಿಗಳಲ್ಲ, ಗಂಟೆಗಳು. ರಾತ್ರಿ 9ರಿಂದ 11ರವರೆಗಿನ ಎರಡು ಗಂಟೆಗೆ ವರ್ಷದ ವಿದ್ಯುತ್ 28,800 ರೂಪಾಯಿ. ಕಾವಲುಗಾರ ದಿನಕ್ಕೆ ಒಂಬತ್ತು ಗಂಟೆ ಇರುವುದರಿಂದ ಆ ಎರಡು ಗಂಟೆಯ ಪಾಲು ಸುಮಾರು 37,300. ಕೂಡಿಸಿದರೆ 66 ಸಾವಿರ. ಆ ಹೊತ್ತಿಗೆ ಕೂತಿರುವವರು 25 ಜನ ಎಂದಾದರೆ ತಲೆಗೆ ತಿಂಗಳಿಗೆ 220 ರೂಪಾಯಿ. ಒಂಬತ್ತಕ್ಕೆ ಮನೆಗೆ ಹೋಗುವ 75 ಜನರೂ ಈಗ ಅದರಲ್ಲಿ ಪಾಲು ಕೊಡುತ್ತಿದ್ದಾರೆ.

33 ಸಾವಿರದ ನಷ್ಟ ತುಂಬಿಸಲು ಎಲ್ಲರಿಂದ ತಿಂಗಳಿಗೆ 28 ರೂಪಾಯಿ ಹೆಚ್ಚು ಪಡೆಯಬಹುದು, ಇಲ್ಲವೇ ರಾತ್ರಿಯವರಿಂದ ಮಾತ್ರ 110 ಪಡೆಯಬಹುದು. ಬಾಗಿಲನ್ನೇ ಒಂಬತ್ತಕ್ಕೆ ಹಾಕಿದರೆ ವಿದ್ಯುತ್ ಉಳಿಯುವುದು ಖಂಡಿತ. ಕಾವಲುಗಾರ ಎರಡು ಗಂಟೆ ಬೇಗ ಹೊರಟರೆ ಅವನ ಸಂಬಳ ಅಷ್ಟೇ ಇಳಿಸಲು ಬರುತ್ತದೆಯೇ ಎಂಬುದು ಬೇರೆ ಮಾತು. ಆ 25 ಜನ ಯಾರು ಎಂದೂ ನೋಡಬೇಕಾಗುತ್ತದೆ. ಹಗಲು ಅಂಗಡಿಯಲ್ಲೋ ಡೆಲಿವರಿ ಕೆಲಸದಲ್ಲೋ ದುಡಿದು ರಾತ್ರಿ ಓದಲು ಬರುವವರಾಗಿದ್ದರೆ 110 ರೂಪಾಯಿ ಹೆಚ್ಚು ಭಾರವಾಗುವುದು ಅವರಿಗೇ. ಹಾಗಿದ್ದರೆ ಉಳಿದವರು ತಿಂಗಳಿಗೆ 28 ರೂಪಾಯಿ ಕೊಡಲು ಸಿದ್ಧರಿದ್ದಾರೆಯೇ ಎಂದು ಸಮಿತಿ ಮುಂದಿನ ಸಭೆಗೆ ಮುನ್ನ ಅವರನ್ನೇ ಕೇಳಬಹುದು.