ಐದು ಸಾವಿರದ ಗೆರೆ: ಊರುಗಳು ಕೂಡಿ ಒಂದು ಪಂಚಾಯಿತಿಯಾಗುವ ಬಗೆ

ಕರ್ನಾಟಕದ ಬಹುಪಾಲು ಗ್ರಾಮ ಪಂಚಾಯಿತಿಗಳಿಗೆ ಒಂದೇ ಊರಿನ ಹೆಸರಿದ್ದರೂ ಅವುಗಳಲ್ಲಿ ಹಲವು ಊರುಗಳಿರುತ್ತವೆ. ಕಚೇರಿ ಇರುವ ಊರಿನ ಹೆಸರು ಬೋರ್ಡಿನ ಮೇಲೆ ಬರುತ್ತದೆ, ಉಳಿದವು ಅದರ ವ್ಯಾಪ್ತಿಗೆ ಸೇರುತ್ತವೆ. ಯಾವ ಊರು ಯಾವುದರ ಜೊತೆ ಕೂಡಬೇಕು, ಎಷ್ಟು ಜನ ಸೇರಿದರೆ ಒಂದು ಪಂಚಾಯಿತಿ ಎಂಬುದನ್ನು 1993ರ ಪಂಚಾಯತ್ ರಾಜ್ ಅಧಿನಿಯಮ ಹೇಳುತ್ತದೆ. ಇದರ ಈಗಿನ ಹೆಸರು ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮ. ಅದರ 4ನೇ ಪ್ರಕರಣದ ಪ್ರಕಾರ, 5,000ಕ್ಕೆ ಕಡಿಮೆಯಿಲ್ಲದ, 7,000ಕ್ಕೆ ಹೆಚ್ಚಿಲ್ಲದ ಜನಸಂಖ್ಯೆಯ ಒಂದು ಗ್ರಾಮವನ್ನು ಅಥವಾ ಗ್ರಾಮಗಳ ಗುಂಪನ್ನು ಜಿಲ್ಲಾಧಿಕಾರಿ ‘ಪಂಚಾಯಿತಿ ಪ್ರದೇಶ’ ಎಂದು ಘೋಷಿಸಬಹುದು.

ಈ ಅಂಕಿ ಸಂವಿಧಾನದಿಂದ ಬಂದದ್ದಲ್ಲ. 73ನೇ ತಿದ್ದುಪಡಿ ಗ್ರಾಮ ಮಟ್ಟದಲ್ಲಿ ಪಂಚಾಯಿತಿ ಇರಲೇಬೇಕು ಎಂದಿತೇ ಹೊರತು ಅದು ಎಷ್ಟು ದೊಡ್ಡದಿರಬೇಕು ಎಂಬುದನ್ನು ರಾಜ್ಯಗಳಿಗೆ ಬಿಟ್ಟಿತು. ಹೀಗಾಗಿ ಉತ್ತರ ಪ್ರದೇಶದಲ್ಲಿ ಸಾವಿರ ಜನರ ಸುಮಾರಿಗೆ ಒಂದು ಗ್ರಾಮ ಪಂಚಾಯಿತಿ, ಬಿಹಾರದಲ್ಲಿ ಏಳು ಸಾವಿರದ ಆಸುಪಾಸಿಗೆ ಒಂದು. ಕೇರಳದ ಒಂದೊಂದು ಪಂಚಾಯಿತಿಯಲ್ಲಿ ನಮ್ಮ ಸಣ್ಣ ಪಟ್ಟಣದಷ್ಟು ಜನ. ಕರ್ನಾಟಕದಲ್ಲೂ ಅಳತೆ ಒಂದೇ ಆಗಿರಲಿಲ್ಲ. 1983ರ ಕಾನೂನಿನಡಿ 1987ರಲ್ಲಿ ಚುನಾವಣೆ ನಡೆದು ಬಂದ ಮಂಡಲ ಪಂಚಾಯಿತಿಗಳಿಗೆ 8,000ದಿಂದ 12,000 ಜನಸಂಖ್ಯೆಯ ಅಳತೆಯಿತ್ತು. ಆಗ ಇಡೀ ರಾಜ್ಯಕ್ಕೆ ಎರಡೂವರೆ ಸಾವಿರದಷ್ಟು ಮಂಡಲಗಳು. 1993ರ ಕಾನೂನು ಆ ಅಳತೆಯನ್ನು ಹೆಚ್ಚುಕಡಿಮೆ ಅರ್ಧಕ್ಕಿಳಿಸಿತು, ಪಂಚಾಯಿತಿಗಳ ಸಂಖ್ಯೆ ಇಮ್ಮಡಿಗೂ ಮೇಲೇರಿತು. ಜನರಿಗೆ ಕಚೇರಿ ಹತ್ತಿರವಾಯಿತು, ಆದರೆ ಒಂದೊಂದು ಪಂಚಾಯಿತಿಯ ಕೈಗೆ ಸಿಗುವ ಕಂದಾಯ ಮತ್ತು ಸಿಬ್ಬಂದಿ ಕುಗ್ಗಿತು. ಅಳತೆಯನ್ನು ಯಾವ ಕಡೆಗೆ ಎಳೆದರೂ ಈ ಎರಡರಲ್ಲಿ ಒಂದನ್ನು ಬಿಟ್ಟುಕೊಡಬೇಕಾಗುತ್ತದೆ.

ಇಲ್ಲಿ ಜನಸಂಖ್ಯೆ ಎಂದರೆ ಪ್ರಕಟವಾದ ಕೊನೆಯ ಜನಗಣತಿಯ ಅಂಕಿ. ಮತದಾರರ ಪಟ್ಟಿಯಾಗಲಿ, ಪಡಿತರ ಚೀಟಿಗಳ ಲೆಕ್ಕವಾಗಲಿ ಇದಕ್ಕೆ ನಡೆಯುವುದಿಲ್ಲ. 2021ರಲ್ಲಿ ನಡೆಯಬೇಕಿದ್ದ ಗಣತಿ ಆ ವರ್ಷ ನಡೆಯದ ಕಾರಣ 2011ರ ಅಂಕಿಯೇ ಮುಂದುವರಿಯಿತು. ಬೆಂಗಳೂರಿನ ಅಂಚಿನ ಊರೊಂದರಲ್ಲಿ ಬಡಾವಣೆಗಳೆದ್ದು ಜನ ಮೂರು ಪಟ್ಟಾಗಿದ್ದರೂ ಕಾಗದದ ಮೇಲೆ ಅದು ಹಳೆಯ ಸಣ್ಣ ಊರೇ. ದುಡಿಯುವವರೆಲ್ಲ ವಲಸೆ ಹೋಗಿ ಬರಿದಾದ ಊರು ಕಾಗದದಲ್ಲಿ ತುಂಬಿಯೇ ಇರುತ್ತದೆ.

‘ಗ್ರಾಮ’ ಎಂಬ ಮಾತಿಗೂ ಇಲ್ಲಿ ಬೇರೆಯೇ ಅರ್ಥವಿದೆ. ಜನ ಊರು ಎಂದು ಕರೆಯುವುದನ್ನೆಲ್ಲ ಗುಂಪುಗೂಡಿಸುವಾಗ ಒಂದೊಂದಾಗಿ ಎಣಿಸುವುದಿಲ್ಲ. ಲೆಕ್ಕಕ್ಕೆ ಬರುವುದು ಕಂದಾಯ ಗ್ರಾಮ, ಅಂದರೆ ಸರ್ವೆ ನಂಬರುಗಳು, ನಕ್ಷೆ, ಗಡಿ ಇರುವ ಊರು. ಅದರೊಳಗೆ ಒಂದು ಮೂಲ ಊರು, ಎರಡು ಮಜರೆ, ಒಂದು ಗೊಲ್ಲರಹಟ್ಟಿ ಅಥವಾ ತಾಂಡಾ ಇರಬಹುದು. ಅವೆಲ್ಲವೂ ಒಂದೇ ಕಂದಾಯ ಗ್ರಾಮದ ಲೆಕ್ಕಕ್ಕೆ ಸೇರಿ ಒಟ್ಟಾಗಿಯೇ ಒಂದು ಪಂಚಾಯಿತಿಗೆ ಹೋಗುತ್ತವೆ. ತಾಂಡಾಕ್ಕೆ ಪಕ್ಕದ ಪಂಚಾಯಿತಿಯ ಕಚೇರಿಯೇ ಹತ್ತಿರವಾದರೂ ಕಂದಾಯ ಗ್ರಾಮವಾಗಿ ಬೇರ್ಪಡುವ ತನಕ ಅದೊಂದನ್ನೇ ಆ ಕಡೆಗೆ ಎಳೆದುಕೊಳ್ಳುವುದು ಕಷ್ಟ. ಇದಕ್ಕೆ ತಿರುಗುಮುರುಗಾಗಿ, ಒಂದು ಮನೆಯೂ ಇಲ್ಲದ ಕಂದಾಯ ಗ್ರಾಮಗಳೂ ಇವೆ. ದಾಖಲೆಗಳಲ್ಲಿ ಇವುಗಳ ಹೆಸರು ಬೇಚರಾಕ್ ಗ್ರಾಮ. ಯಾವ ಕಾಲದಲ್ಲೋ ಜನ ಬಿಟ್ಟುಹೋಗಿ ಹೊಲಗಳಷ್ಟೇ ಉಳಿದಿರುವ ಇಂಥ ಗ್ರಾಮದಿಂದ ಜನಸಂಖ್ಯೆಗೆ ಸೊನ್ನೆ ಸೇರಿದರೂ ಅದನ್ನು ಯಾವುದಾದರೊಂದು ಪಂಚಾಯಿತಿಗೆ ಸೇರಿಸಲೇಬೇಕು.

ಗುಂಪು ಮಾಡುವ ಕೆಲಸ ಹೇಗೆ ನಡೆಯುತ್ತದೆ ಎಂಬುದನ್ನು ಬಯಲುಸೀಮೆಯ ಒಂದು ಕಲ್ಪಿತ ಉದಾಹರಣೆಯಿಂದ ನೋಡಬಹುದು. ಅಕ್ಕಪಕ್ಕದಲ್ಲಿ ಐದು ಕಂದಾಯ ಗ್ರಾಮಗಳಿವೆ ಎಂದುಕೊಳ್ಳೋಣ. ಸಂತೆ, ಪ್ರೌಢಶಾಲೆ, ಬಸ್ ನಿಲ್ದಾಣ ಇರುವ ದೊಡ್ಡ ಊರಿನಲ್ಲಿ 3,150 ಜನ. ಅದಕ್ಕೆ ತಾಗಿದ ಕೆರೆಯ ಊರಿನಲ್ಲಿ 1,420, ಹಳ್ಳದಾಚೆಯ ಊರಿನಲ್ಲಿ 860, ಗುಡ್ಡದ ಬದಿಯ ಊರಿನಲ್ಲಿ 540. ಐದನೆಯದು ಬೇಚರಾಕ್. ಒಟ್ಟು 5,970. ಕಾನೂನಿನ ಅಳತೆಯೊಳಗೆ ಇದು ಸರಿಯಾಗಿ ಕೂರುತ್ತದೆ. ಊರುಗಳ ಗಡಿ ಒಂದಕ್ಕೊಂದು ತಾಗುತ್ತದೆಯೇ, ಎಲ್ಲವೂ ಒಂದೇ ತಾಲ್ಲೂಕಿನವೇ, ಕಚೇರಿಗೆ ಎಷ್ಟು ದೂರ ಎಂಬುದನ್ನು ತಾಲ್ಲೂಕು ಮಟ್ಟದಲ್ಲಿ ನೋಡಿ ಪ್ರಸ್ತಾವ ಸಿದ್ಧವಾಗುತ್ತದೆ. ಜಿಲ್ಲಾಧಿಕಾರಿ ಅದನ್ನು ಕರಡು ಅಧಿಸೂಚನೆಯಾಗಿ ಹೊರಡಿಸಿ, ಆಕ್ಷೇಪಣೆಗಳನ್ನು ಕೇಳಿ, ಆಮೇಲೆ ಪಂಚಾಯಿತಿ ಪ್ರದೇಶವನ್ನೂ ಅದರ ಕೇಂದ್ರ ಸ್ಥಾನವನ್ನೂ ಅಂತಿಮವಾಗಿ ಘೋಷಿಸುತ್ತಾರೆ.

ಮುಂದಿನದು ಸದಸ್ಯರ ಲೆಕ್ಕ. ಪಂಚಾಯಿತಿ ಪ್ರದೇಶದ ಪ್ರತಿ 400 ಜನರಿಗೆ ಅಥವಾ ಅದರ ಭಾಗಕ್ಕೆ ಒಬ್ಬ ಸದಸ್ಯ ಎಂಬುದು ನಿಯಮ. 5,970ನ್ನು 400ರಿಂದ ಭಾಗಿಸಿದರೆ ಹದಿನಾಲ್ಕು ಪೂರ್ತಿಯಾಗಿ ಬಂದು ಸ್ವಲ್ಪ ಉಳಿಯುತ್ತದೆ, ಆ ಉಳಿಕೆಗೂ ಒಬ್ಬರನ್ನು ಸೇರಿಸಿದರೆ ಹದಿನೈದು ಸ್ಥಾನ. ಊರುಗಳಿಗೆ ಇವನ್ನು ಜನಸಂಖ್ಯೆಗೆ ತಕ್ಕಂತೆ ಹಂಚಿದಾಗ ದೊಡ್ಡ ಊರಿಗೆ ಎಂಟು, ಕೆರೆಯ ಊರಿಗೆ ನಾಲ್ಕು, ಹಳ್ಳದಾಚೆಗೆ ಎರಡು, ಗುಡ್ಡದ ಬದಿಗೆ ಒಂದು. ಜಗಳ ಹುಟ್ಟುವುದು ಇಲ್ಲಿಯೇ. ಹದಿನೈದರಲ್ಲಿ ಎಂಟು ಎಂದರೆ ಬಹುಮತ. ಉಳಿದ ಮೂರು ಊರುಗಳು ಒಗ್ಗಟ್ಟಾದರೂ ದೊಡ್ಡ ಊರು ಒಂದೇ ಮನಸ್ಸಿನಲ್ಲಿದ್ದರೆ ಅಧ್ಯಕ್ಷರ ಆಯ್ಕೆಯೂ ಕ್ರಿಯಾ ಯೋಜನೆಯೂ ಅದರ ಕೈಯಲ್ಲೇ. ಗುಡ್ಡದ ಬದಿಯ ಊರಿನ 540 ಜನರಿಗೆ ಸಭೆಯಲ್ಲಿ ಒಂದೇ ದನಿ, ಅದೂ ಮೀಸಲಾತಿ ಯಾವ ವರ್ಗಕ್ಕೆ ಬಂದಿದೆಯೋ ಆ ವರ್ಗದಿಂದಲೇ ಬರಬೇಕು.

ಹಾಗಾದರೆ ಗುಡ್ಡದ ಬದಿಯವರು ಪಕ್ಕದ ಪಂಚಾಯಿತಿಗೆ ಹೋಗಬಹುದೇ? ಹೋಗಬಹುದು. ಉಳಿಯುವುದು 5,430, ಗೆರೆಯ ಮೇಲೆಯೇ ಇದೆ. ಇಲ್ಲವೇ ಹಳ್ಳದಾಚೆಯವರು ಹೋದರೆ 5,110, ಇದೂ ನಡೆಯುತ್ತದೆ. ಆದರೆ ಇಬ್ಬರೂ ಹೋದರೆ 4,570 ಆಗಿ ಪಂಚಾಯಿತಿಯೇ ಗೆರೆಯ ಕೆಳಗಿಳಿಯುತ್ತದೆ. ಅಂದರೆ ಮೊದಲು ಅರ್ಜಿ ಕೊಟ್ಟ ಊರಿನ ದಾರಿ ಸುಗಮ, ಎರಡನೆಯದರ ಬೇಡಿಕೆ ಎಷ್ಟೇ ನ್ಯಾಯವಾಗಿದ್ದರೂ ಅಂಕಿ ಅಡ್ಡ ಬರುತ್ತದೆ. ಸಣ್ಣ ಊರೊಂದು ದೂರದ ಕೇಂದ್ರಕ್ಕೆ ಅಂಟಿಕೊಂಡೇ ಉಳಿದಿರುವುದರ ಹಿಂದೆ ಯಾರದೋ ಹಟಕ್ಕಿಂತ ಇಂಥ ಕೂಡು-ಕಳೆ ಲೆಕ್ಕವೇ ಇರುವುದುಂಟು.

ಮೇಲಿನ ಗೆರೆಯಲ್ಲೂ ಇಂಥದೇ ಒಂದು ತೊಡಕಿದೆ. ಪಂಚಾಯಿತಿಯೊಂದರ ಜನಸಂಖ್ಯೆ ಮುಂದಿನ ಗಣತಿಯಲ್ಲಿ 8,500 ಆಯಿತೆನ್ನಿ. 7,000 ದಾಟಿದ್ದರಿಂದ ಅದನ್ನು ಒಡೆಯಬೇಕು ಅನ್ನಿಸುತ್ತದೆ, ಆದರೆ ಎರಡು ಮಾಡಲು ತಲಾ 5,000ದಂತೆ 10,000 ಜನ ಬೇಕು. ನೆರೆಯ ಪಂಚಾಯಿತಿಯಿಂದ ಸಾವಿರದೈನೂರು ಜನರ ಊರೊಂದನ್ನು ಪಡೆದರಷ್ಟೇ ಲೆಕ್ಕ ಸರಿಹೋಗುತ್ತದೆ, ಆಗ ನೆರೆಯದು ಕೆಳಗಿಳಿಯದಂತೆ ನೋಡಬೇಕು. ಹೀಗೆ ಒಂದು ಪಂಚಾಯಿತಿಯನ್ನು ಒಡೆಯಹೊರಟರೆ ಸುತ್ತಲಿನ ಮೂರು-ನಾಲ್ಕರ ಗಡಿ ಅಲುಗಾಡುತ್ತದೆ. ಪುನರ್ವಿಂಗಡಣೆಯನ್ನು ಬಿಡಿಬಿಡಿಯಾಗಿ ಮಾಡದೆ ರಾಜ್ಯಕ್ಕೆಲ್ಲ ಒಮ್ಮೆಲೇ ಕೈಗೆತ್ತಿಕೊಳ್ಳುವುದು ಈ ಕಾರಣಕ್ಕೂ ಸರಿಯಾದ ಕ್ರಮ. 2011ರ ಗಣತಿಯ ಬಳಿಕ ಸರ್ಕಾರ ಎಸ್.ಜಿ. ನಂಜಯ್ಯನಮಠ ಅವರ ಅಧ್ಯಕ್ಷತೆಯಲ್ಲಿ ಸಮಿತಿ ರಚಿಸಿತು. ಅದರ ಶಿಫಾರಸಿನ ಮೇರೆಗೆ 2015ರ ಚುನಾವಣೆಗೆ ಮುಂಚೆ 439 ಹೊಸ ಪಂಚಾಯಿತಿಗಳು ರಚನೆಯಾಗಿ, ರಾಜ್ಯದ ಒಟ್ಟು ಸಂಖ್ಯೆ 6,000 ದಾಟಿತು.

ಬಯಲಿನ ಈ ಅಳತೆ ಮಲೆನಾಡಿಗೆ ಒಗ್ಗದು. ಅಲ್ಲಿ ಊರೆಂದರೆ ಒತ್ತಾಗಿ ಕೂಡಿದ ಮನೆಗಳಲ್ಲ, ತೋಟಕ್ಕೊಂದು, ಕಣಿವೆಗೊಂದು ಮನೆ. ಐದು ಸಾವಿರ ಜನರನ್ನು ಕೂಡಿಸಹೊರಟರೆ ಪಂಚಾಯಿತಿಯ ಒಂದು ತುದಿಯಿಂದ ಇನ್ನೊಂದು ತುದಿಗೆ ಹೋಗಿಬರಲು ದಿನವೇ ಬೇಕಾದೀತು. ಆದ್ದರಿಂದ ಚಿಕ್ಕಮಗಳೂರು, ಕೊಡಗು, ಶಿವಮೊಗ್ಗ, ಉತ್ತರ ಕನ್ನಡ, ದಕ್ಷಿಣ ಕನ್ನಡ, ಹಾಸನ ಮೊದಲಾದ ಜಿಲ್ಲೆಗಳಿಗೆ ಕಾನೂನು 2,500ರ ಕೆಳಮಿತಿಯನ್ನು ಒಪ್ಪುತ್ತದೆ. ಅದೂ ಸಾಲದ ಕಡೆ, ಒಂದು ಗ್ರಾಮದ ನಡುವಿನಿಂದ ಐದು ಕಿಲೋಮೀಟರ್ ಸುತ್ತಳತೆಯೊಳಗಿನ ಪ್ರದೇಶವನ್ನು, ಜನ ಎಷ್ಟೇ ಇರಲಿ, ಪಂಚಾಯಿತಿ ಪ್ರದೇಶವೆಂದು ಘೋಷಿಸಲು ಸರ್ಕಾರ ಜಿಲ್ಲಾಧಿಕಾರಿಗೆ ಅನುಮತಿ ಕೊಡಬಹುದು.

ಕಾನೂನಿನ ಕಿಲೋಮೀಟರು ನಕ್ಷೆಯ ಮೇಲಿನದು, ನಡೆಯುವ ದಾರಿಯದಲ್ಲ. ಲಿಂಗನಮಕ್ಕಿ ಅಣೆಕಟ್ಟೆಯಿಂದ ಶರಾವತಿಯ ಹಿನ್ನೀರು ಹರಡಿದ ಮೇಲೆ ಸಾಗರ ತಾಲ್ಲೂಕಿನ ತುಮರಿ ಭಾಗದ ಜನ ಹೊಳೆಬಾಗಿಲಿನ ಲಾಂಚ್ ಹತ್ತಿ ಪೇಟೆಗೆ ಬರಬೇಕಾಯಿತು. 2025ರಲ್ಲಿ ಸಿಗಂದೂರು ಸೇತುವೆ ತೆರೆಯುವವರೆಗೂ ದಶಕಗಳ ಕಾಲ ಇದೇ ಪಾಡು. ಇಂಥಲ್ಲಿ ನೀರಿನ ಈ ದಡದ ಊರನ್ನೂ ಆ ದಡದ ಊರನ್ನೂ ನಕ್ಷೆಯಲ್ಲಿ ಹತ್ತಿರವೆಂದು ಒಂದೇ ಪಂಚಾಯಿತಿಗೆ ಸೇರಿಸಿದರೆ ಕೊನೆಯ ಲಾಂಚಿನ ಹೊತ್ತು ನೋಡಿಕೊಂಡೇ ಸಭೆ ಮುಗಿಸಬೇಕಾಗುತ್ತದೆ. ತುಮರಿಗೆ ತನ್ನದೇ ಪಂಚಾಯಿತಿ ಇರುವುದರ ಬೆಲೆ ಆ ದಡದಲ್ಲಿ ನಿಂತು ನೋಡಿದವರಿಗೆ ಬೇಗ ತಿಳಿಯುತ್ತದೆ.

ಒಮ್ಮೆ ಮಾಡಿದ ಗುಂಪು ಶಾಶ್ವತವೇನಲ್ಲ. ಪಂಚಾಯಿತಿಯ ಕೋರಿಕೆಯ ಮೇರೆಗೆ ಅಥವಾ ತಾವಾಗಿಯೇ, ಮೊದಲಿನಂತೆ ಪೂರ್ವ ಪ್ರಕಟಣೆ ಹೊರಡಿಸಿ, ಜಿಲ್ಲಾಧಿಕಾರಿ ಊರೊಂದನ್ನು ಸೇರಿಸಬಹುದು, ಬಿಡಿಸಬಹುದು, ಕೇಂದ್ರ ಸ್ಥಾನವನ್ನೋ ಹೆಸರನ್ನೋ ಬದಲಿಸಬಹುದು. ಒಪ್ಪದವರಿಗೆ ಮೇಲ್ಮನವಿಯ ದಾರಿಯಿದೆ. ಆದರೆ ಚುನಾವಣೆಯ ಹೊಸ್ತಿಲಲ್ಲಿ ಕ್ಷೇತ್ರ ವಿಂಗಡಣೆಯನ್ನು ಪ್ರಶ್ನಿಸಿ ನ್ಯಾಯಾಲಯದ ಮೆಟ್ಟಿಲೇರಿದರೆ ಸಂವಿಧಾನದ 243-ಒ ವಿಧಿ ಅಡ್ಡ ನಿಲ್ಲುತ್ತದೆ. ಆಕ್ಷೇಪಣೆ ಹೇಳಬೇಕಾದ ಹೊತ್ತು ಕರಡು ಅಧಿಸೂಚನೆ ಪಂಚಾಯಿತಿಯ ನೋಟಿಸ್ ಬೋರ್ಡಿಗೆ ಬಂದಾಗಲೇ. ಹೆಚ್ಚಿನ ಊರಿನವರ ಕಣ್ಣಿಗೆ ಆ ಹಾಳೆ ಬೀಳುವುದು ಅವಧಿ ಮುಗಿದ ಮೇಲೆ.

ಊರು ಒಂದರಿಂದ ಇನ್ನೊಂದಕ್ಕೆ ಹೋದಾಗ ಅದರ ಹಿಂದೆಯೇ ಕಡತಗಳೂ ಹೊರಡುತ್ತವೆ. ಮನೆ ಕಂದಾಯದ ಡಿಮ್ಯಾಂಡ್ ರಿಜಿಸ್ಟರ್, ಬಾಕಿ ಪಟ್ಟಿ, ಉದ್ಯೋಗ ಖಾತರಿಯ ಜಾಬ್ ಕಾರ್ಡುಗಳ ವಿವರ ಹೊಸ ಕಚೇರಿಗೆ ವರ್ಗವಾಗಬೇಕು. ಎರಡು ಊರಿಗೂ ಒಂದೇ ಬೋರ್‌ವೆಲ್, ಒಂದೇ ಟ್ಯಾಂಕ್ ಇದ್ದರೆ ವಿದ್ಯುತ್ ಬಿಲ್ಲು ಯಾರದು, ನೀರುಗಂಟಿಯ ಸಂಬಳ ಯಾರದು ಎಂಬುದನ್ನು ಎರಡೂ ಪಂಚಾಯಿತಿಗಳು ಕೂತು ತೀರ್ಮಾನಿಸಿಕೊಳ್ಳಬೇಕು. ಗಡಿ ಬದಲಾದರೂ ಪೈಪು ಹಳೆಯ ದಾರಿಯಲ್ಲೇ ಇರುತ್ತದೆ.