ಆಸ್ಪತ್ರೆ ಸೇರುವ ಮುನ್ನ ಪಾಲಿಸಿಯ ಮೂರು ಸಾಲು ಓದಿ

ನಿವೃತ್ತ ಮೇಷ್ಟ್ರೊಬ್ಬರಿಗೆ ಮುಂದಿನ ತಿಂಗಳು ಹರ್ನಿಯಾ ಆಪರೇಷನ್ ಎಂದಿಟ್ಟುಕೊಳ್ಳಿ. ಅವರ ಬಳಿ 3 ಲಕ್ಷ ರೂಪಾಯಿಯ ಆರೋಗ್ಯ ವಿಮೆ ಇದೆ. ಆಸ್ಪತ್ರೆಯವರು ಹೇಳಿದ ಅಂದಾಜು ಖರ್ಚು ಒಂದೂವರೆ ಲಕ್ಷ. ವಿಮೆಯ ಅರ್ಧದಷ್ಟೇ ಅಲ್ಲವೇ ಎಂದು ಮನೆಯವರು ನೆಮ್ಮದಿಯಿಂದಿದ್ದಾರೆ. ಆದರೆ ಡಿಸ್ಚಾರ್ಜ್ ದಿನ ಅವರೇ 54,000 ರೂಪಾಯಿ ಕಟ್ಟಬೇಕಾಗಿ ಬರಬಹುದು. ಅದಕ್ಕೆ ಕಾರಣ ಅವರು ಆರಿಸಿಕೊಂಡ ರೂಮು.

ಅವರ ಪಾಲಿಸಿಯಲ್ಲಿ ರೂಮ್ ಬಾಡಿಗೆ ದಿನಕ್ಕೆ ವಿಮಾ ಮೊತ್ತದ ಶೇ. 1 ಎಂದಿದೆ, ಅಂದರೆ 3,000 ರೂಪಾಯಿ. ಅವರು ಹಿಡಿದದ್ದು 6,000 ರೂಪಾಯಿಯ ಸಿಂಗಲ್ ರೂಮು, ಮೂರು ದಿನಕ್ಕೆ. ಹೆಚ್ಚಿನ 9,000 ರೂಪಾಯಿ ಕೈಯಿಂದ ಕೊಟ್ಟರೆ ಮುಗಿಯಿತು ಎಂದು ಯಾರಿಗಾದರೂ ಅನಿಸುತ್ತದೆ. ಲೆಕ್ಕ ಅಲ್ಲಿಗೆ ನಿಲ್ಲುವುದಿಲ್ಲ. ಬಹಳಷ್ಟು ಆಸ್ಪತ್ರೆಗಳಲ್ಲಿ ರೂಮಿನ ದರ್ಜೆ ಏರಿದಂತೆ ಸರ್ಜನ್ ಫೀಸು, ಅರಿವಳಿಕೆ ವೈದ್ಯರ ಫೀಸು, ಆಪರೇಷನ್ ಥಿಯೇಟರ್ ಬಾಡಿಗೆ ಎಲ್ಲವೂ ಏರುತ್ತವೆ. ಆದ್ದರಿಂದ ಇಂಥ ಪಾಲಿಸಿಗಳಲ್ಲಿ ವಿಮಾ ಕಂಪನಿ ರೂಮಿಗೆ ಯಾವ ಪ್ರಮಾಣದಲ್ಲಿ ಹಣ ಕೊಡುತ್ತದೋ ಈ ಖರ್ಚುಗಳಿಗೂ ಅದೇ ಪ್ರಮಾಣದಲ್ಲಿ ಕೊಡುತ್ತದೆ. ಇದನ್ನು ಅನುಪಾತದ ಕಡಿತ ಎನ್ನುತ್ತಾರೆ.

ಮೇಷ್ಟ್ರ ಬಿಲ್ ನೋಡೋಣ. ರೂಮಿಗೆ 18,000, ವೈದ್ಯರ ಫೀಸು ಮತ್ತು ಥಿಯೇಟರಿಗೆ 90,000, ಔಷಧಿ, ಪರೀಕ್ಷೆ ಮತ್ತು ಹರ್ನಿಯಾಕ್ಕೆ ಹಾಕುವ ಮೆಶ್ ಸೇರಿ 42,000. ಒಟ್ಟು 1,50,000. ಮಿತಿ 3,000, ಬಾಡಿಗೆ 6,000 ಆದ್ದರಿಂದ ರೂಮು, ಫೀಸು, ಥಿಯೇಟರ್ ಮೂರಕ್ಕೂ ಅರ್ಧವೇ ಸಿಗುತ್ತದೆ: 54,000. ಔಷಧಿ, ಪರೀಕ್ಷೆ, ದೇಹದೊಳಗೆ ಅಳವಡಿಸುವ ಸಾಧನಗಳಿಗೆ ಈ ಕಡಿತ ಹಾಕುವಂತಿಲ್ಲ ಎಂಬುದು ವಿಮಾ ನಿಯಂತ್ರಣ ಪ್ರಾಧಿಕಾರ ಐಆರ್‌ಡಿಎಐ ನಿಯಮ. ಹಾಗಾಗಿ ಆ 42,000 ಪೂರ್ತಿ ಸೇರಿ ಕಂಪನಿ 96,000 ಕೊಡುತ್ತದೆ, ಉಳಿದ 54,000 ಮೇಷ್ಟ್ರ ಪಾಲಿಗೆ. ರೂಮಿನ ದರ್ಜೆ ನೋಡಿ ಫೀಸು ಬದಲಿಸದ ಆಸ್ಪತ್ರೆಯಲ್ಲಾದರೆ ಈ ಅನುಪಾತದ ಕಡಿತ ಮಾಡುವಂತಿಲ್ಲ. ಇದನ್ನು ಮೊದಲೇ ಆಸ್ಪತ್ರೆಯ ಇನ್ಶೂರೆನ್ಸ್ ಡೆಸ್ಕಿನಲ್ಲಿ ಕೇಳಿಕೊಳ್ಳಿ.

ಓದಬೇಕಾದ ಎರಡನೆಯ ಸಾಲು ಒಳಮಿತಿಯದು. ವಿಮಾ ಮೊತ್ತ ಎಷ್ಟೇ ಇರಲಿ, ಕೆಲವು ಚಿಕಿತ್ಸೆಗಳಿಗೆ ಇಷ್ಟೇ ಎಂದು ಕಂಪನಿ ಗೆರೆ ಎಳೆದಿರುತ್ತದೆ. ಎಲ್ಲ ಕಂಪನಿಗಳೂ ಒಂದೇ ನಮೂನೆಯಲ್ಲಿ ಮಾರುವ ಆರೋಗ್ಯ ಸಂಜೀವಿನಿ ಪಾಲಿಸಿಯಲ್ಲಿ ಕಣ್ಣಿನ ಪೊರೆಯ ಆಪರೇಷನ್‌ಗೆ ಒಂದು ಕಣ್ಣಿಗೆ ವಿಮಾ ಮೊತ್ತದ ಶೇ. 25 ಅಥವಾ 40,000 ರೂಪಾಯಿ, ಇವೆರಡರಲ್ಲಿ ಕಡಿಮೆಯದಷ್ಟೇ ಸಿಗುತ್ತದೆ. ಮೇಷ್ಟ್ರ ಪಾಲಿಸಿಯಲ್ಲಿ ಹರ್ನಿಯಾಕ್ಕೆ 80,000 ಎಂಬ ಮಿತಿ ಇದ್ದಿದ್ದರೆ, ಆ 96,000 ಕೂಡ 80,000ಕ್ಕೆ ಇಳಿಯುತ್ತಿತ್ತು.

ಮೂರನೆಯದು ಕಾಯುವ ಅವಧಿ. ಇದು ಮುಗಿದಿರದಿದ್ದರೆ ಮೇಲಿನ ಲೆಕ್ಕಕ್ಕೆ ಅರ್ಥವೇ ಇಲ್ಲ, ಒಂದು ರೂಪಾಯಿಯೂ ಬರುವುದಿಲ್ಲ. ಹೊಸ ಪಾಲಿಸಿಯಲ್ಲಿ ಅಪಘಾತ ಬಿಟ್ಟು ಬೇರೆ ಕಾಯಿಲೆಗಳಿಗೆ ಸಾಮಾನ್ಯವಾಗಿ ಮೊದಲ 30 ದಿನ ರಕ್ಷಣೆ ಇರುವುದಿಲ್ಲ. ಹರ್ನಿಯಾ, ಕಣ್ಣಿನ ಪೊರೆಯಂಥ ಪಟ್ಟಿ ಮಾಡಿದ ಕಾಯಿಲೆಗಳಿಗೆ ಹೆಚ್ಚಾಗಿ 24 ತಿಂಗಳು ಕಾಯಬೇಕು. ಸಕ್ಕರೆ ಕಾಯಿಲೆ, ಬಿ.ಪಿ.ಯಂತೆ ಪಾಲಿಸಿಗೆ ಮೊದಲೇ ಇದ್ದ ಕಾಯಿಲೆಗಳಿಗೆ ಗರಿಷ್ಠ 36 ತಿಂಗಳು. 2024ಕ್ಕೆ ಮೊದಲು ಇದು 48 ತಿಂಗಳಿತ್ತು. ಎಣಿಕೆ ಶುರುವಾಗುವುದು ಮೊದಲ ಪಾಲಿಸಿಯ ದಿನದಿಂದ, ಅದೂ ನವೀಕರಣ ತಪ್ಪದಿದ್ದರೆ ಮಾತ್ರ. ನಡುವೆ ವಿಮಾ ಮೊತ್ತವನ್ನು 3 ಲಕ್ಷದಿಂದ 5 ಲಕ್ಷಕ್ಕೆ ಏರಿಸಿದ್ದರೆ, ಹೆಚ್ಚಿದ 2 ಲಕ್ಷಕ್ಕೆ ಕಾಯುವ ಅವಧಿ ಮತ್ತೆ ಮೊದಲಿನಿಂದ ಶುರುವಾಗುತ್ತದೆ. ಅವಧಿ ಮುಗಿಯಲು ಕೆಲವೇ ವಾರ ಉಳಿದಿದ್ದರೆ ಆಪರೇಷನ್ ಮುಂದೂಡಬಹುದೇ ಎಂದು ವೈದ್ಯರನ್ನು ಕೇಳಿ. ಆದರೆ ತೀರ್ಮಾನ ಅವರದೇ ಆಗಿರಲಿ. ಹರ್ನಿಯಾ ಸಿಕ್ಕಿಹಾಕಿಕೊಂಡರೆ ಪ್ರಾಣಕ್ಕೇ ಅಪಾಯ.

ಈ ಮೂರನ್ನೂ ಹುಡುಕಲು ಇಡೀ ಪುಸ್ತಕ ಓದಬೇಕಿಲ್ಲ. ಪಾಲಿಸಿಯ ಜೊತೆ ಗ್ರಾಹಕ ಮಾಹಿತಿ ಪತ್ರ ಎಂಬ ಕೆಲವು ಪುಟಗಳಿರುತ್ತವೆ. ಕಾಯುವ ಅವಧಿಯೂ ಮಿತಿಗಳೂ ಅದರಲ್ಲೇ ಸಿಗುತ್ತವೆ. ಅದನ್ನು ಹಿಡಿದುಕೊಂಡೇ ಆಸ್ಪತ್ರೆಗೆ ಹೋಗಿ. ನಿಮ್ಮ ಮಿತಿಯೊಳಗಿನ ರೂಮಿಗೆ ಎಸ್ಟಿಮೇಟ್ ಬರೆಸಿಕೊಂಡು, ಕ್ಯಾಶ್‌ಲೆಸ್ ಮಂಜೂರಾತಿಗೆ ದಾಖಲಾಗುವ ಮೊದಲೇ ಕಳುಹಿಸಲು ಹೇಳಿ. ದಾಖಲಾಗುವ ದಿನ ಆ ರೂಮು ಖಾಲಿ ಇಲ್ಲವೆಂದರೆ ದುಬಾರಿ ರೂಮಿಗೆ ಒಪ್ಪಿಕೊಳ್ಳುವ ಮುನ್ನ, ಎರಡು ದಿನ ಬಿಟ್ಟು ಬರಬಹುದೇ ಎಂದು ಕೇಳಿ. ತುರ್ತಿಲ್ಲದ ಆಪರೇಷನ್‌ನಲ್ಲಿ ರೋಗಿಗೆ ಇರುವ ದೊಡ್ಡ ಅನುಕೂಲವೇ ಆ ಎರಡು ದಿನ.