ಬೋರ್ಡ್ ಮೀಟಿಂಗ್ ಮುಗಿಯಿತು, ನೌಕರರಿಗೆ ಏನು ಹೇಳಬೇಕು?

ಕಂಪನಿಯ ಬೋರ್ಡ್ ಮೀಟಿಂಗ್ ಇದೆಯೆಂದರೆ ಅಂದು ಕ್ಯಾಂಟೀನಿನಲ್ಲಿ ಮಾತು ಜೋರು. ಲಾಭ ಎಷ್ಟು ಬಂತು, ಬೋನಸ್ ಏನಾದೀತು, ಯಾವುದೋ ಕಂಪನಿಯನ್ನು ನಮ್ಮವರು ಕೊಳ್ಳುತ್ತಾರಂತೆ ಹೌದೇ? ಸಂಜೆಯೊಳಗೆ ನೌಕರರ ಇಂಟ್ರಾನೆಟ್‌ನಲ್ಲಿ ಏಳೆಂಟು ಸಾಲಿನ ಟಿಪ್ಪಣಿಯೊಂದು ಕಾಣಿಸಿಕೊಳ್ಳುತ್ತದೆ. ಓದಿದ ಬಹುಪಾಲು ಜನರಿಗೆ ಅದು ಸಪ್ಪೆ ಎನಿಸುತ್ತದೆ. ಆ ಸಪ್ಪೆತನ ಬೇಕೆಂದೇ ತಂದದ್ದು. ಷೇರುಪೇಟೆಯಲ್ಲಿ ನೋಂದಾಯಿತವಾದ ಕಂಪನಿಯಲ್ಲಿ ಆ ಟಿಪ್ಪಣಿ ಬರೆಯುವವರು ಪ್ರತಿ ಸಾಲಿಗೂ ಕಾನೂನಿನ ಲೆಕ್ಕ ನೋಡಬೇಕಾಗುತ್ತದೆ.

ಇಂಟ್ರಾನೆಟ್ ನಮ್ಮ ಮನೆಯೊಳಗಿನ ಮಾತು, ಹೊರಗಿನವರಿಗೆ ಕಾಣುವುದಿಲ್ಲ ಎಂಬ ಭಾವನೆ ಹಲವರಲ್ಲಿದೆ. ತೊಡಕು ಶುರುವಾಗುವುದೇ ಅಲ್ಲಿಂದ. ಒಳವ್ಯವಹಾರ ತಡೆಗೆ ಸೆಬಿ 2015ರಲ್ಲಿ ತಂದ ನಿಯಮಗಳ ಪ್ರಕಾರ, ಸಾರ್ವಜನಿಕರೆಲ್ಲರಿಗೂ ಭೇದವಿಲ್ಲದೆ ಸಿಗುವಂತಾದಾಗ ಮಾತ್ರ ಒಂದು ಮಾಹಿತಿ ಬಹಿರಂಗವಾಯಿತು ಎಂದರ್ಥ. ಸಾವಿರ ನೌಕರರಿಗೆ ಗೊತ್ತಾದರೂ ಅದು ಬಹಿರಂಗವಲ್ಲ. ಷೇರಿನ ಬೆಲೆಯನ್ನು ಗಣನೀಯವಾಗಿ ಏರಿಳಿಸಬಲ್ಲ ಇಂಥ ಗುಪ್ತ ಮಾಹಿತಿಯನ್ನು ಕಚೇರಿಗಳಲ್ಲಿ ಇಂಗ್ಲಿಷಿನ ಮೊದಲಕ್ಷರಗಳಿಂದ ಯುಪಿಎಸ್‌ಐ ಎನ್ನುತ್ತಾರೆ. ತ್ರೈಮಾಸಿಕ ಫಲಿತಾಂಶ, ಲಾಭಾಂಶ, ವಿಲೀನ, ಇನ್ನೊಂದು ಕಂಪನಿಯ ಖರೀದಿ ಎಲ್ಲವೂ ಈ ಪಟ್ಟಿಗೆ ಸೇರುತ್ತವೆ. ಕೆಲಸಕ್ಕೆ ಅಗತ್ಯವಿಲ್ಲದವರಿಗೆ ಅದನ್ನು ತಿಳಿಸುವುದೇ ತಪ್ಪು, ತಿಳಿದವರು ಷೇರು ಕೊಳ್ಳಲೇಬೇಕೆಂದಿಲ್ಲ. ಸೆಬಿ ಕಾಯ್ದೆಯಲ್ಲಿ ಇದಕ್ಕೆ ದಂಡ ಕನಿಷ್ಠ 10 ಲಕ್ಷ ರೂಪಾಯಿ. ಗರಿಷ್ಠ ಮಿತಿ 25 ಕೋಟಿ, ಇಲ್ಲವೇ ಗಳಿಸಿದ ಲಾಭದ ಮೂರು ಪಟ್ಟು, ಯಾವುದು ಹೆಚ್ಚೋ ಅದು.

ಒಂದು ಉದಾಹರಣೆ ಇಟ್ಟುಕೊಂಡು ನೋಡೋಣ. ಪೀಣ್ಯದಲ್ಲಿ ಪಂಪ್ ತಯಾರಿಸುವ, 1,400 ನೌಕರರ ಒಂದು ಕಂಪನಿಯನ್ನು ಊಹಿಸಿಕೊಳ್ಳಿ. ಅಕ್ಟೋಬರ್ ಕೊನೆಯ ಗುರುವಾರ ಅದರ ಆಡಳಿತ ಮಂಡಳಿ ಸಭೆ. ಕಾರ್ಯಸೂಚಿಯಲ್ಲಿ ಆರು ವಿಷಯಗಳಿವೆ. ಒಂದು, ಜುಲೈ–ಸೆಪ್ಟೆಂಬರ್ ತ್ರೈಮಾಸಿಕದ ಫಲಿತಾಂಶ. ಎರಡು, ಷೇರಿಗೆ 2 ರೂಪಾಯಿ ಮಧ್ಯಂತರ ಲಾಭಾಂಶ. ಮೂರು, ನೌಕರರ ಆರೋಗ್ಯ ವಿಮೆಯನ್ನು 3 ಲಕ್ಷದಿಂದ 5 ಲಕ್ಷ ರೂಪಾಯಿಗೆ ಏರಿಸುವುದು. ನಾಲ್ಕು, ಕಾರ್ಮಿಕ ಸಂಘದ ಜೊತೆ ನಡೆಯುತ್ತಿರುವ ವೇತನ ಮಾತುಕತೆಯಲ್ಲಿ ಎಷ್ಟರವರೆಗೆ ಒಪ್ಪಬಹುದು ಎಂಬ ಮಿತಿ. ಐದು, ಕೊಯಮತ್ತೂರಿನ ಮೋಟಾರ್ ಕಂಪನಿಯೊಂದರ ಖರೀದಿ. ಕಡತಗಳಲ್ಲಿ ಇದರ ಗುಪ್ತನಾಮ ‘ಪ್ರಾಜೆಕ್ಟ್ ತುಂಗಾ’. ಆರು, ಹಿರಿಯ ಅಧಿಕಾರಿಯೊಬ್ಬರ ಮೇಲಿನ ದೂರಿನ ವಿಚಾರಣಾ ವರದಿ.

ಬರೆಯುವವರ ಮೊದಲ ಕೆಲಸ ಇವನ್ನು ಬೇರ್ಪಡಿಸುವುದು. ಮೊದಲೆರಡು ವಿಷಯ ಹೇಗೂ ಷೇರು ವಿನಿಮಯ ಕೇಂದ್ರಕ್ಕೆ ಹೋಗಲೇಬೇಕು, ಆದ್ದರಿಂದ ಅಲ್ಲಿ ಪ್ರಕಟವಾದ ಮೇಲೆ ನೌಕರರಿಗೂ ಹೇಳಬಹುದು. ಮೂರನೆಯದು ನೌಕರರಿಗಾಗಿಯೇ ಆದ ತೀರ್ಮಾನ. ಅದರ ಖರ್ಚು ಷೇರಿನ ಬೆಲೆಯನ್ನು ಅಲುಗಿಸುವಷ್ಟಿಲ್ಲ ಎಂದು ಕಂಪನಿ ಸೆಕ್ರೆಟರಿ ಖಾತ್ರಿಪಡಿಸಿದರೆ ಹೇಳಬಹುದು. ನಾಲ್ಕನೆಯದು ಹೊರಬಿದ್ದರೆ ಷೇರಿಗೆ ಏನೂ ಆಗದಿರಬಹುದು, ಆದರೆ ಮಾತುಕತೆಯ ಮೇಜಿನಲ್ಲಿ ಕಂಪನಿಯ ಕೈ ಕಟ್ಟಿಹೋಗುತ್ತದೆ. ಐದನೆಯದು ನೇರ ಯುಪಿಎಸ್‌ಐ. ಆರನೆಯದು ಒಬ್ಬರ ಮಾನ ಮತ್ತು ದೂರು ಕೊಟ್ಟವರ ಸುರಕ್ಷತೆಯ ಪ್ರಶ್ನೆ. ಹೀಗೆ ಆರರಲ್ಲಿ ಮೂರು ಉಳಿದವು.

ಇನ್ನು ಹೊತ್ತಿನ ಲೆಕ್ಕ. ನೋಂದಾಯಿತ ಕಂಪನಿ ಇಂಥ ತೀರ್ಮಾನಗಳನ್ನು ಸಭೆ ಮುಗಿದ 30 ನಿಮಿಷದೊಳಗೆ ವಿನಿಮಯ ಕೇಂದ್ರಕ್ಕೆ ತಿಳಿಸಬೇಕು. ಷೇರುಪೇಟೆಯ ವಹಿವಾಟು ಮಧ್ಯಾಹ್ನ 3.30ಕ್ಕೆ ಮುಗಿಯುತ್ತದೆ. ಸಭೆ ಅದಾದ ಮೇಲೆ, ಅಂದರೆ ಸಂಜೆ ಮುಗಿದರೆ, ಮೂರು ಗಂಟೆಯ ಅವಕಾಶವಿದೆ. ನಮ್ಮ ಪಂಪ್ ಕಂಪನಿಯ ಸಭೆ 1.40ಕ್ಕೆ ಮುಗಿಯಿತೆನ್ನಿ. ಗಡುವು 2.10. ಸೆಕ್ರೆಟರಿ 2 ಗಂಟೆಗೆ ಕಳಿಸುತ್ತಾರೆ, 2.06ಕ್ಕೆ ಅದು ವಿನಿಮಯ ಕೇಂದ್ರದ ವೆಬ್‌ಸೈಟಿನಲ್ಲಿ ಕಾಣಿಸುತ್ತದೆ. ಕಳಿಸಿದ ಹೊತ್ತನ್ನು ನಂಬಿ ಟಿಪ್ಪಣಿ ಹಾಕುವಂತಿಲ್ಲ. ವೆಬ್‌ಸೈಟಿನಲ್ಲಿ ಕಣ್ಣಾರೆ ಕಂಡ ಮೇಲೆ, 2.15ಕ್ಕೆ, ಇಂಟ್ರಾನೆಟ್‌ಗೆ ಹೋಗಬೇಕು.

ಅನಾಹುತ ಆಗುವುದು ಇಲ್ಲೇ. ಕೈಗೆ ಕೆಲಸ ಕಡಿಮೆಯಾಗಲೆಂದು ಟಿಪ್ಪಣಿಯನ್ನು ಹಿಂದಿನ ದಿನವೇ ಸಿದ್ಧಪಡಿಸಿ, 2 ಗಂಟೆಗೆ ತಾನಾಗಿ ಪ್ರಕಟವಾಗಲಿ ಎಂದು ಸಮಯ ಕೊಟ್ಟಿಡುತ್ತಾರೆ. ಸಭೆ ಎರಡೂವರೆಗೆ ಎಳೆಯುತ್ತದೆ. ಆಗ ವಹಿವಾಟು ನಡೆಯುತ್ತಿರುವಾಗಲೇ, ಪೇಟೆಗೆ ಗೊತ್ತಾಗುವ ಮೊದಲೇ, 1,400 ಜನರ ಕೈಯಲ್ಲಿ ಲಾಭದ ಅಂಕಿ ಇರುತ್ತದೆ. ಅದಕ್ಕೇ ಅನುಭವಿಗಳು ಕರಡಿನಲ್ಲಿ ಅಂಕಿಗಳ ಜಾಗ ಖಾಲಿ ಬಿಟ್ಟು, ಪ್ರಕಟಣೆಯ ಗುಂಡಿಯನ್ನು ಒಬ್ಬರು ಕೈಯಾರೆ ಒತ್ತುವಂತೆ ಇಟ್ಟುಕೊಳ್ಳುತ್ತಾರೆ. ಕರಡಿನ ಕಡತವೂ ಚಾಡಿ ಹೇಳಬಹುದು. ಲಗತ್ತಿಸಿದ ಪಿಡಿಎಫ್‌ನ ಹೆಸರಲ್ಲಿ ‘ತುಂಗಾ’ ಎಂದು ಉಳಿದುಬಿಟ್ಟರೆ, ಒಳಗೆ ಎಷ್ಟು ಎಚ್ಚರದಿಂದ ಬರೆದಿದ್ದರೂ ಫಲವಿಲ್ಲ. ಹಳೆಯ ತಿದ್ದುಪಡಿಗಳನ್ನು ತೆರೆದು ನೋಡಲು ಬರುವ ವ್ಯವಸ್ಥೆಯಿದ್ದರೆ ಅಳಿಸಿದ ಸಾಲೂ ಅಲ್ಲಿ ಸಿಗುತ್ತದೆ.

ಟಿಪ್ಪಣಿ ಬರೆಯುವವರಿಗೆ ಫಲಿತಾಂಶವನ್ನು ಮುಂಚೆಯೇ ಕೊಟ್ಟರೆ ಅವರೂ ಗುಟ್ಟು ಬಲ್ಲವರ ಸಾಲಿಗೆ ಸೇರುತ್ತಾರೆ. ಯಾರಿಗೆ ಯಾವ ಮಾಹಿತಿ ಕೊಟ್ಟೆವು ಎಂಬುದನ್ನು ಅವರ ಹೆಸರು ಮತ್ತು ಪ್ಯಾನ್ ಸಮೇತ ಒಂದು ಡಿಜಿಟಲ್ ದಾಖಲೆಯಲ್ಲಿ ನಮೂದಿಸಬೇಕು. ಆ ದಾಖಲೆಯನ್ನು ಕನಿಷ್ಠ 8 ವರ್ಷ ಕಾಯ್ದಿಡಬೇಕು. ಸಂವಹನ ವಿಭಾಗದ ಹೊಸ ಹುಡುಗಿಯೊಬ್ಬಳು ಬರೀ ಅಕ್ಷರ ತಿದ್ದಲು ಕರಡನ್ನು ನೋಡಿದ್ದರೂ ಅವಳ ಹೆಸರು ಅಲ್ಲಿರಬೇಕು.

ಈಗ ಬರಹದ ಒಳಗೆ ಇಳಿಯೋಣ. ಅನನುಭವಿ ಬರೆದ ಮೊದಲ ಕರಡು ಹೀಗಿರಬಹುದು:

“ಇಂದಿನ ಸಭೆಯಲ್ಲಿ ಉತ್ತಮ ಫಲಿತಾಂಶವನ್ನು ಅಂಗೀಕರಿಸಲಾಯಿತು. ಮುಂದಿನ ತ್ರೈಮಾಸಿಕ ಇನ್ನೂ ಚೆನ್ನಾಗಿರಲಿದೆ. ದೀರ್ಘ ಚರ್ಚೆಯ ನಂತರ ಲಾಭಾಂಶಕ್ಕೆ ಒಪ್ಪಿಗೆ ದೊರೆಯಿತು. ಕೆಲವು ಮಹತ್ವದ ವಿಷಯಗಳೂ ಚರ್ಚೆಯಾದವು, ಅವನ್ನು ಸದ್ಯ ಹೇಳಲಾಗದು.”

ನಾಲ್ಕೂ ವಾಕ್ಯಗಳಲ್ಲಿ ದೋಷವಿದೆ. ‘ಉತ್ತಮ’ ಎನ್ನುವುದು ಅಭಿಪ್ರಾಯ, ವಿನಿಮಯ ಕೇಂದ್ರಕ್ಕೆ ಕೊಟ್ಟ ಕಾಗದದಲ್ಲಿ ಆ ಮಾತಿಲ್ಲ. ಎರಡನೆಯ ವಾಕ್ಯ ಮುಂದಿನ ಗಳಿಕೆಯ ಸುಳಿವು, ಅದೇ ಒಂದು ಹೊಸ ಗುಪ್ತ ಮಾಹಿತಿ. ‘ದೀರ್ಘ ಚರ್ಚೆ’ ಎಂದರೆ ನಿರ್ದೇಶಕರಲ್ಲಿ ಒಮ್ಮತ ಇರಲಿಲ್ಲ ಎಂದು ಓದುಗರು ಗ್ರಹಿಸುತ್ತಾರೆ. ಮಂಡಳಿಯ ತೀರ್ಮಾನ ಇಡೀ ಮಂಡಳಿಯದು, ಒಳಗೆ ಯಾರು ಏನೆಂದರು ಎಂಬುದು ನಡಾವಳಿಗೆ ಬಿಟ್ಟ ವಿಷಯ. ನಡಾವಳಿಯ ಕರಡು ನಿರ್ದೇಶಕರ ಕೈಸೇರಲಿಕ್ಕೇ ಹದಿನೈದು ದಿನಗಳವರೆಗೆ ಅವಕಾಶವಿದೆ. ನಾಲ್ಕನೆಯ ವಾಕ್ಯ ಎಲ್ಲಕ್ಕಿಂತ ಅಪಾಯದ್ದು. ಗುಟ್ಟನ್ನು ಹೇಳಲಿಲ್ಲ ನಿಜ, ಗುಟ್ಟಿದೆ ಎಂದು ಹೇಳಿತು. ಖರೀದಿಯ ಗುಸುಗುಸು ಮೊದಲೇ ಇದ್ದ ಕಡೆ ಅಷ್ಟು ಸಾಕು.

ಇದೇ ಜಾತಿಯ ಇನ್ನೊಂದು ತಪ್ಪು ಗೊತ್ತಾಗುವುದು ತಡವಾಗಿ. ನೌಕರರ ಸಮಾಧಾನಕ್ಕೆಂದು ಒಮ್ಮೆ “ಯಾವ ಘಟಕವನ್ನೂ ಮುಚ್ಚುವ ಯೋಚನೆಯಿಲ್ಲ” ಎಂದು ಬರೆದಿರುತ್ತಾರೆ. ಮುಂದಿನ ಸಲವೂ ಅದನ್ನೇ ನಕಲಿಸುತ್ತಾರೆ. ಮೂರನೆಯ ಸಲ ನಿಜವಾಗಿಯೂ ಒಂದು ಘಟಕದ ಬಗ್ಗೆ ಮಾತು ನಡೆದಿರುತ್ತದೆ, ಆದ್ದರಿಂದ ಆ ಸಾಲನ್ನು ಬರೆಯುವಂತಿಲ್ಲ. ಎರಡು ಸಲ ಇದ್ದ ಸಾಲು ಈ ಸಲ ಇಲ್ಲ ಎಂಬುದನ್ನು ಯೂನಿಯನ್ನಿನವರು ಐದು ನಿಮಿಷದಲ್ಲಿ ಗಮನಿಸುತ್ತಾರೆ. ಆದ್ದರಿಂದ ಇಲ್ಲದ್ದನ್ನು ‘ಇಲ್ಲ’ ಎಂದು ಹೇಳುವ ರೂಢಿಯನ್ನೇ ಶುರು ಮಾಡಬಾರದು.

ಇವೆಲ್ಲ ಸೋಸಿದ ಮೇಲೆ ಉಳಿಯುವ ಟಿಪ್ಪಣಿ ಇದು. ಅಂಕಿಗಳು ನಮ್ಮ ಉದಾಹರಣೆಯವು:

“ಕಂಪನಿಯ ಆಡಳಿತ ಮಂಡಳಿ ಇಂದು ಸಭೆ ಸೇರಿ ಜುಲೈ–ಸೆಪ್ಟೆಂಬರ್ ತ್ರೈಮಾಸಿಕದ ಫಲಿತಾಂಶವನ್ನು ಅಂಗೀಕರಿಸಿತು. ಅಧೀನ ಕಂಪನಿಗಳೂ ಸೇರಿದಂತೆ ಆದಾಯ 412 ಕೋಟಿ ರೂ., ನಿವ್ವಳ ಲಾಭ 31 ಕೋಟಿ ರೂ. ಪ್ರತಿ ಷೇರಿಗೆ 2 ರೂ. ಮಧ್ಯಂತರ ಲಾಭಾಂಶ ಘೋಷಿಸಲಾಗಿದೆ. ಷೇರು ವಿನಿಮಯ ಕೇಂದ್ರಕ್ಕೆ ಸಲ್ಲಿಸಿದ ಪೂರ್ಣ ವಿವರದ ಕೊಂಡಿ ಕೆಳಗಿದೆ.
ನೌಕರರ ಆರೋಗ್ಯ ವಿಮೆಯ ಮೊತ್ತ ಜನವರಿ 1ರಿಂದ 5 ಲಕ್ಷ ರೂ.ಗೆ ಏರಲಿದೆ. ವಿವರವನ್ನು ಎಚ್‌.ಆರ್. ವಿಭಾಗ ಡಿಸೆಂಬರ್‌ನಲ್ಲಿ ತಿಳಿಸಲಿದೆ.
ಫಲಿತಾಂಶದ ಕುರಿತ ಹೊರಗಿನವರ ಪ್ರಶ್ನೆಗಳನ್ನು ದಯವಿಟ್ಟು ಕಂಪನಿ ಸೆಕ್ರೆಟರಿ ಕಚೇರಿಗೆ ಕಳಿಸಿ.”

‘ಅಧೀನ ಕಂಪನಿಗಳೂ ಸೇರಿದಂತೆ’ ಎಂಬ ಮಾತು ಅಲಂಕಾರಕ್ಕೆ ಬಂದದ್ದಲ್ಲ. ಕಂಪನಿಗಳು ತಮ್ಮದೊಂದು ಲೆಕ್ಕ, ಅಧೀನ ಕಂಪನಿಗಳನ್ನು ಸೇರಿಸಿ ಇನ್ನೊಂದು ಲೆಕ್ಕ ಕೊಡುತ್ತವೆ. ಟಿಪ್ಪಣಿಯಲ್ಲಿ ಒಂದರ ಆದಾಯ, ಇನ್ನೊಂದರ ಲಾಭ ಸೇರಿಕೊಂಡರೆ ಓದಿದವರಿಗೆ ಬೇರೆಯೇ ಚಿತ್ರ ಸಿಗುತ್ತದೆ. ಸಲ್ಲಿಸಿದ ಕಾಗದವನ್ನು ಪಕ್ಕದಲ್ಲಿಟ್ಟುಕೊಂಡು ಅಂಕಿಯಿಂದ ಅಂಕಿಗೆ ಬೆರಳಿಟ್ಟು ನೋಡುವುದೊಂದೇ ದಾರಿ.

ಟಿಪ್ಪಣಿಯ ಕೊನೆಗೆ ಹಲವರು ಟ್ರೇಡಿಂಗ್ ವಿಂಡೋ ಬಗ್ಗೆಯೂ ಒಂದು ಸಾಲು ಸೇರಿಸುತ್ತಾರೆ. ಗುಟ್ಟಿನ ಮಾಹಿತಿಗೆ ಹತ್ತಿರವಿರುವ, ಕಂಪನಿ ಗುರುತಿಸಿದ ನೌಕರರು ತ್ರೈಮಾಸಿಕ ಮುಗಿದ ದಿನದಿಂದ ಫಲಿತಾಂಶ ಹೊರಬಿದ್ದ 48 ಗಂಟೆಯವರೆಗೆ ಸ್ವಂತ ಕಂಪನಿಯ ಷೇರನ್ನು ಕೊಳ್ಳುವಂತಿಲ್ಲ, ಮಾರುವಂತಿಲ್ಲ. ಗುರುವಾರ 2.06ಕ್ಕೆ 48 ಗಂಟೆ ಕೂಡಿಸಿದರೆ ಶನಿವಾರ ಮಧ್ಯಾಹ್ನವಾಗುತ್ತದೆ. ಅಂದು ಪೇಟೆ ರಜೆ, ಹಾಗಾಗಿ ಬಾಗಿಲು ತೆರೆಯುವುದು ಸೋಮವಾರ ಬೆಳಿಗ್ಗೆ 9.15ಕ್ಕೆ. ಆದರೆ ‘ತುಂಗಾ’ದ ವಿಷಯ ಬಲ್ಲ ಹತ್ತು ಹನ್ನೆರಡು ಜನ ಸೋಮವಾರವೂ ಷೇರು ಮುಟ್ಟುವಂತಿಲ್ಲ. “ಕೆಲವರನ್ನು ಬಿಟ್ಟು ಉಳಿದವರಿಗೆ ಸೋಮವಾರದಿಂದ ಅವಕಾಶ” ಎಂದು ಬರೆದರೆ ಏನೋ ಬೇಯುತ್ತಿದೆ ಎಂದು ಸಾರಿದಂತೆ. ಎಲ್ಲರಿಗೂ ಮುಚ್ಚಿಯೇ ಇಟ್ಟರೂ ಅದೇ ಅನುಮಾನ. ಅದಕ್ಕೇ ಟಿಪ್ಪಣಿಯಲ್ಲಿ ಎಂದಿನ ಸಾಲೇ ಇರುತ್ತದೆ, ಆ ಹತ್ತು ಹನ್ನೆರಡು ಜನರಿಗೆ ಸೆಕ್ರೆಟರಿ ಬೇರೆಬೇರೆಯಾಗಿ ತಿಳಿಸುತ್ತಾರೆ.

ಕೊನೆಗೆ ಟಿಪ್ಪಣಿ ಓದಿದವರ ಪ್ರಶ್ನೆಗಳು ಬರುತ್ತವೆ. “ಸಾರ್, ಕೊಯಮತ್ತೂರಿನ ಕಂಪನಿ ತಗೊಳ್ತಿದ್ದೀವಂತೆ?” ಎಂದು ಅಸೆಂಬ್ಲಿ ಲೈನಿನ ಸೂಪರ್‌ವೈಸರ್ ಕೇಳಿದರೆ, “ಛೆ, ಹಾಗೇನಿಲ್ಲ” ಎಂದು ತಳ್ಳಿಹಾಕುವುದು ಸುಳ್ಳಾಗುತ್ತದೆ. “ಈಗ ಹೇಳೋಕಾಗಲ್ಲ” ಎಂದರೆ ಒಪ್ಪಿಕೊಂಡಂತಾಗುತ್ತದೆ. ಮ್ಯಾನೇಜರುಗಳಿಗೆ ಮೊದಲೇ ಕಲಿಸಿಡುವ ಉತ್ತರ ಒಂದೇ: “ಇಂಥ ಸುದ್ದಿಗಳ ಬಗ್ಗೆ ನಾವು ಯಾವತ್ತೂ ಏನೂ ಹೇಳುವುದಿಲ್ಲ. ಹೇಳುವಂಥದ್ದೇನಾದರೂ ಇದ್ದರೆ ಮೊದಲು ಷೇರು ವಿನಿಮಯ ಕೇಂದ್ರದಲ್ಲಿ ಬರುತ್ತದೆ.” ಈ ಉತ್ತರಕ್ಕೆ ಬೆಲೆ ಬರಬೇಕಾದರೆ ಸುದ್ದಿ ಪೂರಾ ಸುಳ್ಳಾಗಿರುವಾಗಲೂ ಇದನ್ನೇ ಹೇಳಿರಬೇಕು. ಸುಳ್ಳು ಸುದ್ದಿಯನ್ನು ಮಾತ್ರ ಅಲ್ಲಗಳೆಯುತ್ತ ಬಂದ ಕಂಪನಿ ಸುಮ್ಮನಾದ ದಿನ, ಸುದ್ದಿ ನಿಜ ಎಂದು ಎಲ್ಲರಿಗೂ ಗೊತ್ತಾಗಿಬಿಡುತ್ತದೆ.